ಪದಚರ್ಚೆ: ಉಳಿಸಿದ ಮೇಲೂ ಹಳೆಯದೇ ಕಂಡರೆ ಅದನ್ನು ಏನೆಂದು ಕರೆಯುವುದು?

ಚಿಕ್ಕಮಗಳೂರಿನಿಂದ, ಸಹಾಯಪುಟಗಳ ಬರಹಗಾರರು

ಎಲ್ಲರಿಗೂ ನಮಸ್ಕಾರ.

ಕಾಫಿ ಖರೀದಿ ಡಿಪೋಗಳು ಬಳಸುವ ತಂತ್ರಾಂಶವೊಂದಕ್ಕೆ ಕನ್ನಡದಲ್ಲಿ ಸಹಾಯಪುಟಗಳನ್ನು ಬರೆಯುತ್ತಿದ್ದೇನೆ. ‘ರೆಪ್ಲಿಕಾ ಲ್ಯಾಗ್’ ಎಂಬುದಕ್ಕೆ ಒಂದು ಪದ ಬೇಕಾಗಿದೆ. ‘ಪ್ರತಿಯ ವಿಳಂಬ’ ಎಂದು ಬರೆದಿಟ್ಟಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ.

ಸಂದರ್ಭ ಹೇಳುತ್ತೇನೆ. ಡಿಪೋದ ಗುಮಾಸ್ತರೊಬ್ಬರು ಸಂಜೆ ಹೊತ್ತಿನಲ್ಲಿ ಬೆಳೆಗಾರರೊಬ್ಬರ ರೊಬಸ್ಟಾ ಚೆರಿ ತೂಕವನ್ನು ತಿದ್ದುತ್ತಾರೆ. 40 ಮೂಟೆಗೆ 2,100 ಕೆ.ಜಿ. ಎಂದು ದಾಖಲಾಗಿತ್ತು, ಸರಿಯಾದದ್ದು 2,010. ‘ಉಳಿಸು’ ಒತ್ತಿದರೆ ‘ಉಳಿಸಲಾಗಿದೆ’ ಎಂಬ ಹಸಿರು ಪಟ್ಟಿ ಬರುತ್ತದೆ. ಅದರ ಹಿಂದೆಯೇ ತೆರೆದುಕೊಳ್ಳುವ ರಸೀದಿಗಳ ಪಟ್ಟಿಯಲ್ಲಿ ಮಾತ್ರ ಇನ್ನೂ 2,100 ಇದೆ. ಅವರು ಮತ್ತೆ ತಿದ್ದುತ್ತಾರೆ, ಮತ್ತೆ ಅದೇ. ಕೊನೆಗೆ ತಿದ್ದುಪಡಿ ಹತ್ತುತ್ತಿಲ್ಲವೆಂದು ತಿಳಿದು 2,010 ಕೆ.ಜಿ.ಗೆ ಹೊಸ ರಸೀದಿಯನ್ನೇ ಬರೆಯುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಒಂದೇ ಮಾಲಿಗೆ ಎರಡು ರಸೀದಿ.

ಬರೆಯುವುದೆಲ್ಲ ಮೂಲ ದತ್ತಸಂಚಯಕ್ಕೆ ಹೋಗುತ್ತದೆ, ಓದುವುದೆಲ್ಲ ಅದರ ಪ್ರತಿಯಿಂದ ಬರುತ್ತದೆ ಎಂಬಷ್ಟು ನನಗೆ ಗೊತ್ತು. ಸ್ನೇಹಿತರೊಬ್ಬರು ‘ಹಳಸಿದ ಮಾಹಿತಿ’ ಎಂದು ಸೂಚಿಸಿದರು. ಹಳಸಿದ್ದು ಎಂದರೆ ಕೆಟ್ಟುಹೋದದ್ದು. ಈ 2,100 ಕೆಟ್ಟಿಲ್ಲ, ಒಂದು ಗಳಿಗೆಯ ಹಿಂದೆ ಅದೇ ದಾಖಲೆಯಲ್ಲಿದ್ದ ಅಂಕಿ. ಎರಡೂ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ. ಗುಮಾಸ್ತರಿಗೆ ಹೇಳುವ ವಾಕ್ಯ ತಪ್ಪು ಅರ್ಥ ಕೊಟ್ಟರೆ ಬೆಳೆಗಾರರ ಲೆಕ್ಕ ಕೆಡುತ್ತದೆ ಎಂಬುದೇ ನನ್ನ ಆತಂಕ.

ಬೇಲೂರಿನಿಂದ, ನಿವೃತ್ತ ಶಿಕ್ಷಕರು

‘ಪ್ರತಿ’ ಬೇಡ. ಪ್ರತಿದಿನ, ಪ್ರತಿಯೊಬ್ಬ, ಪ್ರತಿವಾದಿ ಎಂದು ಆ ಪದಕ್ಕೆ ಈಗಾಗಲೇ ಹತ್ತು ಕೆಲಸಗಳಿವೆ. ‘ನಕಲು’ ಎಂದರೆ ಹಳ್ಳಿಯವರಿಗೂ ತಿಳಿಯುತ್ತದೆ. ನನಗೂ ಇಂಥದೇ ಅನುಭವವಾಗಿದೆ. ಮೊಬೈಲಿನಲ್ಲಿ ವಿದ್ಯುತ್ ಬಿಲ್ ಕಟ್ಟಿದೆ, ಹಣ ಖಾತೆಯಿಂದ ಹೋಯಿತು. ಎರಡು ದಿನ ಬಾಕಿ ಇದೆ ಎಂದೇ ತೋರಿಸುತ್ತಿತ್ತು. ಇದೂ ನಿಮ್ಮ ನಕಲಿನ ವಿಳಂಬವೇ ಇರಬೇಕಲ್ಲವೇ?

ಹಾಸನದಿಂದ, ತಂತ್ರಾಂಶ ಅಭಿವೃದ್ಧಿಗಾರರು

ಪದದ ಮಾತು ಆಮೇಲಿರಲಿ, ಮೂಲದಲ್ಲೇ ಸರಿಪಡಿಸಿದರೆ ಪದದ ಅಗತ್ಯವೇ ಬೀಳುವುದಿಲ್ಲ. ನೀವು ಬಳಸುತ್ತಿರುವುದು ಪೋಸ್ಟ್‌ಗ್ರೆಸ್ ಆಗಿದ್ದರೆ ಪ್ರತಿಯ ಹೆಸರನ್ನು `synchronous_standby_names` ನಲ್ಲಿ ಸೇರಿಸಿ, `synchronous_commit` ಅನ್ನು `on` ಇಡಿ. ಪ್ರತಿಗೆ ದಾಖಲೆ ತಲುಪಿದ ಮೇಲೆಯೇ ‘ಉಳಿಸಲಾಗಿದೆ’ ಎಂಬ ಉತ್ತರ ಬರುತ್ತದೆ. ಹಳೆಯ ತೂಕ ಕಾಣುವ ಪ್ರಶ್ನೆಯೇ ಇರುವುದಿಲ್ಲ.

ಪದವೇ ಬೇಕೆಂದರೆ ‘ವಿಳಂಬ’ ಸಾಕು. ಅದು ಸಮಯದ ಮಾತು. ನಾವೂ ಸೆಕೆಂಡುಗಳಲ್ಲೇ ಅಳೆಯುತ್ತೇವೆ. ಆದರೆ ರಾತ್ರಿ ಹೊತ್ತು ನಮ್ಮ ಫಲಕದಲ್ಲಿ ವಿಳಂಬ ಗಂಟೆಗಟ್ಟಲೆ ಏರುತ್ತದೆ, ಬೆಳಗ್ಗೆ ಮೊದಲ ನಮೂದು ಬಿದ್ದ ಕೂಡಲೇ ಸೊನ್ನೆಗೆ ಇಳಿಯುತ್ತದೆ. ಕಾರಣ ತಿಳಿದವರು ಹೇಳಿ.

ಸಕಲೇಶಪುರದಿಂದ, ದತ್ತಸಂಚಯ ನಿರ್ವಾಹಕಿ

ಮೊದಲು ಮೇಷ್ಟ್ರಿಗೆ. ನಿಮ್ಮ ಬಿಲ್ಲಿನ ಪ್ರಕರಣ ಬೇರೆ ಜಾತಿಯದು, ಮೇಷ್ಟ್ರೇ. ಪ್ರತಿ ಹಿಂದೆ ಬೀಳುವುದು ಸಾಮಾನ್ಯವಾಗಿ ಕ್ಷಣಗಳ ಲೆಕ್ಕದಲ್ಲಿ, ಕೆಟ್ಟ ಹೊತ್ತಿನಲ್ಲಿ ನಿಮಿಷಗಳ ಲೆಕ್ಕದಲ್ಲಿ. ಎರಡು ದಿನ ಹಿಡಿದಿದೆ ಎಂದರೆ ಪಾವತಿ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗಿ ಲೆಕ್ಕ ತಾಳೆಯಾಗುವವರೆಗಿನ ಕಾಯುವಿಕೆ ಇರಬಹುದು.

ಹಾಸನದವರ ಸಲಹೆಯಲ್ಲಿ ಅರ್ಧ ಸರಿಯಿದೆ. `on` ಇಟ್ಟರೆ ಮೂಲವು ಪ್ರತಿಗಾಗಿ ಕಾಯುವುದು ನಿಜ. ಆದರೆ ಕಾಯುವುದು ಪ್ರತಿಯು ಆ ದಾಖಲೆಯನ್ನು ತನ್ನ ಡಿಸ್ಕಿನ ಮೇಲೆ ಬರೆದುಕೊಳ್ಳುವವರೆಗೆ ಮಾತ್ರ. ಬಂದ ದಾಖಲೆಯನ್ನು ಕೋಷ್ಟಕಗಳಿಗೆ ಅನ್ವಯಿಸುವುದು ಅದರ ಮುಂದಿನ ಹೆಜ್ಜೆ, ಓದುವವರಿಗೆ ಕಾಣುವುದು ಅದು ಮುಗಿದ ಮೇಲೆ. ಹಾಗಾಗಿ `on` ಇದ್ದರೂ 2,100 ಕಾಣಬಹುದು. ಅನ್ವಯಿಸುವವರೆಗೆ ಕಾಯಬೇಕೆಂದರೆ `remote_apply` ಇಡಬೇಕು. ಅದು 9.6ನೇ ಆವೃತ್ತಿಯಿಂದ ಇದೆ.

ಆದರೂ ಈ ಡಿಪೋಗೆ ನಾನು ಅದನ್ನು ಹೇಳುವುದಿಲ್ಲ. ತೊಂದರೆ ಸಂಜೆಯೇ ಏಕೆ ಎಂಬುದನ್ನು ಗಮನಿಸಿ. ಸಂಜೆ ವ್ಯವಸ್ಥಾಪಕರು ದಿನದ ಖರೀದಿ ವರದಿ ತೆಗೆಯುತ್ತಾರೆ, ಆ ದೊಡ್ಡ ಪ್ರಶ್ನೆ ಓಡುವುದೂ ಪ್ರತಿಯ ಮೇಲೆಯೇ. ಅಷ್ಟರಲ್ಲಿ ಮೂಲದಲ್ಲಿ ವ್ಯಾಕ್ಯೂಮ್ ನಡೆದು ಹಳೆಯ ಸಾಲುಗಳನ್ನು ಅಳಿಸಿರುತ್ತದೆ. ಆ ಅಳಿಸುವಿಕೆಯನ್ನು ಪ್ರತಿಯೂ ಅನ್ವಯಿಸಬೇಕು, ಆದರೆ ವರದಿಗೆ ಆ ಸಾಲುಗಳು ಇನ್ನೂ ಬೇಕಾಗಿರಬಹುದು. ಆಗ ಪ್ರತಿ ಅನ್ವಯಿಸುವುದನ್ನು ನಿಲ್ಲಿಸಿ ವರದಿಗೆ ದಾರಿ ಬಿಡುತ್ತದೆ. ಎಷ್ಟು ಹೊತ್ತು ಎಂಬುದನ್ನು `max_standby_streaming_delay` ಹೇಳುತ್ತದೆ, ಬದಲಿಸದೇ ಬಿಟ್ಟರೆ ಅದು 30 ಸೆಕೆಂಡು. ಅದೂ ಮೀರಿದರೆ ವರದಿಯನ್ನೇ ರದ್ದು ಮಾಡಿ `canceling statement due to conflict with recovery` ಎಂದು ಲಾಗ್‌ನಲ್ಲಿ ಬರೆಯುತ್ತದೆ. ಗುಮಾಸ್ತರ ತಿದ್ದುಪಡಿ ಆ ಅಳಿಸುವಿಕೆಯ ಹಿಂದೆ ಕಾಯುತ್ತ ನಿಂತಿರುತ್ತದೆ. ಇಲ್ಲಿ `remote_apply` ಇಟ್ಟರೆ ಹಳೆಯ ತೂಕ ಕಾಣುವುದಿಲ್ಲ, ಬದಲಿಗೆ ‘ಉಳಿಸು’ ಗುಂಡಿಯೇ ಅರ್ಧ ನಿಮಿಷ ತಿರುಗುತ್ತ ಕೂರುತ್ತದೆ. ಇರುವ ಒಂದೇ ಪ್ರತಿ ನಿಂತುಹೋದರಂತೂ ಖರೀದಿಯೇ ನಿಲ್ಲುತ್ತದೆ.

ನಿಮ್ಮಲ್ಲಿ ಇದೇ ಕಾರಣವೇ ಎಂದು ಪರೀಕ್ಷಿಸುವುದು ಸುಲಭ. ತೊಂದರೆಯ ಹೊತ್ತಿನಲ್ಲಿ ಪ್ರತಿಯ ಮೇಲೆ `pg_last_wal_receive_lsn()` ಮತ್ತು `pg_last_wal_replay_lsn()` ಎರಡನ್ನೂ ಮತ್ತೆ ಮತ್ತೆ ಕೇಳಿ. ಮೊದಲನೆಯದು ಮುಂದೆ ಹೋಗುತ್ತಿದ್ದು ಎರಡನೆಯದು ನಿಂತಲ್ಲೇ ನಿಂತಿದ್ದರೆ ಜಾಲದ ದೋಷವಲ್ಲ, ಅನ್ವಯಿಸುವುದು ತಡೆದಿದೆ. ಎರಡೂ ನಿಂತಿದ್ದು ಮೂಲ ಮಾತ್ರ ಮುಂದೆ ಹೋಗಿದ್ದರೆ ಜಾಲವನ್ನು ನೋಡಿ.

ಹಾಸನದವರ ರಾತ್ರಿಯ ಗಂಟೆಗಳಿಗೂ ಇಲ್ಲೇ ಉತ್ತರವಿದೆ. ನಿಮ್ಮ ಫಲಕ ಬಹುಶಃ ಈಗಿನ ಸಮಯದಿಂದ `pg_last_xact_replay_timestamp()` ಕಳೆಯುತ್ತಿದೆ. ಅದು ಪ್ರತಿ ಕೊನೆಯದಾಗಿ ಅನ್ವಯಿಸಿದ ವ್ಯವಹಾರದ ಸಮಯ. ರಾತ್ರಿ ಯಾರೂ ಬರೆಯದಿದ್ದರೆ ಅನ್ವಯಿಸಲು ಏನೂ ಇರುವುದಿಲ್ಲ, ವ್ಯತ್ಯಾಸ ಮಾತ್ರ ಬೆಳೆಯುತ್ತದೆ. ಪ್ರತಿ ಒಂದಕ್ಷರವೂ ಹಿಂದಿಲ್ಲ, ಫಲಕ ಗಂಟೆಗಟ್ಟಲೆ ಹಿಂದಿದೆ ಎನ್ನುತ್ತದೆ. ‘ವಿಳಂಬ’ ನನಗೆ ಹಿಡಿಸದಿರುವುದೂ ಇದಕ್ಕೇ. ಇಲ್ಲಿ ಮುಖ್ಯವಾದದ್ದು ಇನ್ನೂ ಅನ್ವಯಿಸಬೇಕಾದದ್ದು ಎಷ್ಟು ಉಳಿದಿದೆ ಎಂಬುದು. ನಾನು ‘ಹಿಂಬಾಕಿ’ ಎನ್ನುತ್ತೇನೆ. ಬರೆಯುವುದು ನಿಂತರೆ ಹಿಂಬಾಕಿ ತೀರಿ ಸೊನ್ನೆಯಾಗುತ್ತದೆ.

ಪರಿಹಾರಕ್ಕೆ ಬರುತ್ತೇನೆ. ಉಳಿಸಿದ ಗುಮಾಸ್ತರು ತಮ್ಮದನ್ನು ತಾವು ನೋಡುವಂತೆ ಮಾಡಿದರೆ ಎರಡನೇ ರಸೀದಿ ಹುಟ್ಟುವುದಿಲ್ಲ. `COMMIT` ಮುಗಿದ ಮೇಲೆ ಮೂಲದ ದಾಖಲೆಸರಣಿ ಎಲ್ಲಿಗೆ ತಲುಪಿದೆ ಎಂದು ಕೇಳಿ, ಆ ಗುರುತನ್ನು ಅವರ ಸೆಷನ್‌ನಲ್ಲಿ ಇಡಿ. ಮುಂದಿನ ಓದಿಗೆ ಮೊದಲು ಪ್ರತಿ ಆ ಗುರುತನ್ನು ದಾಟಿದೆಯೇ ಎಂದು ನೋಡಿ. ದಾಟಿದ್ದರೆ ಪ್ರತಿಯಿಂದ ಓದಿ, ಇಲ್ಲದಿದ್ದರೆ ಆ ಒಂದು ಓದನ್ನು ಮೂಲಕ್ಕೆ ಕಳುಹಿಸಿ.

```sql
-- ಮೂಲದಲ್ಲಿ, COMMIT ಆದ ಮೇಲೆ
SELECT pg_current_wal_lsn();

-- ಪ್ರತಿಯಲ್ಲಿ, ಓದುವ ಮೊದಲು
SELECT pg_last_wal_replay_lsn() >= '0/5A1F2C8'::pg_lsn;
```

ಎರಡು ಕಡೆ ಎಡವುವವರನ್ನು ಕಂಡಿದ್ದೇನೆ. `COMMIT` ಆಗುವ ಮೊದಲೇ ಗುರುತು ತೆಗೆದುಕೊಂಡರೆ ಅದರಲ್ಲಿ `COMMIT` ದಾಖಲೆಯೇ ಸೇರಿರುವುದಿಲ್ಲ, ಪ್ರತಿ ಗುರುತನ್ನು ದಾಟಿದ್ದರೂ ತಿದ್ದುಪಡಿ ಕಾಣುವುದಿಲ್ಲ. ಇನ್ನೊಂದು, ಗುರುತುಗಳನ್ನು ಅಕ್ಷರಗಳಾಗಿ ಹೋಲಿಸುವುದು. ಹಾಗೆ ಹೋಲಿಸಿದರೆ `0/A000000` ಎಂಬುದು `0/10000000` ಗಿಂತ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಅದು ಚಿಕ್ಕದು. ಹೋಲಿಕೆಯನ್ನು `pg_lsn` ಬಗೆಗೇ ಬಿಡಿ.

ಹಾಸನದಿಂದ, ತಂತ್ರಾಂಶ ಅಭಿವೃದ್ಧಿಗಾರರು

ಮೇಡಂ, ರಾತ್ರಿಯ ಗಂಟೆಗಳ ಗುಟ್ಟು ತಿಳಿಯಿತು, ಧನ್ಯವಾದ. ಆದರೆ ಗುರುತಿನ ಈ ಏರ್ಪಾಡು ಸಣ್ಣ ತಂಡಕ್ಕೆ ಭಾರ. ಉಳಿಸಿದವರ ಓದನ್ನು ಕೆಲವು ಸೆಕೆಂಡು ಮೂಲಕ್ಕೇ ಕಳುಹಿಸಿದರೆ ಸಾಲದೇ? ರೈಲ್ಸ್‌ನ ಸಿದ್ಧ ಏರ್ಪಾಡಿನಲ್ಲಿ ನಾವೇನೂ ಬದಲಿಸದಿದ್ದರೆ 2 ಸೆಕೆಂಡು ಇರುತ್ತದೆ. ನಮಗೆ ಅದು ಸಾಕಾಗಿದೆ.

ಸಕಲೇಶಪುರದಿಂದ, ದತ್ತಸಂಚಯ ನಿರ್ವಾಹಕಿ

ನಿಮ್ಮ ಪ್ರತಿ 2 ಸೆಕೆಂಡಿಗಿಂತ ಹಿಂದೆ ಬೀಳದಿರುವಷ್ಟು ದಿನ ಸಾಕು. ಈ ಡಿಪೋದಲ್ಲಿ ಸಂಜೆ 30 ಸೆಕೆಂಡು ನಿಲ್ಲಬಹುದು, ಮೂರನೇ ಸೆಕೆಂಡಿಗೆ ಪುಟ ತಾಜಾ ಮಾಡಿದರೆ ಮತ್ತೆ 2,100. ಒಮ್ಮೆ ಹೊಸದು ಕಂಡು ಆಮೇಲೆ ಹಳೆಯದು ಕಂಡರೆ ಗುಮಾಸ್ತರ ಗಾಬರಿ ಹೆಚ್ಚುತ್ತದೆ. ಸಮಯದ ಏರ್ಪಾಡನ್ನೇ ಇಟ್ಟುಕೊಳ್ಳುವುದಾದರೆ ವರದಿಗೆ ಬೇರೆ ಪ್ರತಿ ಕೊಡಿ, ಗುಮಾಸ್ತರ ಪುಟಗಳ ಪ್ರತಿಯನ್ನು ಅದರಿಂದ ಬಿಡಿಸಿ.

ಯಾವ ದಾರಿ ಹಿಡಿದರೂ ತಿದ್ದುವ ನಮೂನೆಯನ್ನು ಪ್ರತಿಯಿಂದ ತುಂಬಿಸಬೇಡಿ. ಎರಡು ರಸೀದಿಗಿಂತ ದೊಡ್ಡ ಅಪಾಯ ಅಲ್ಲಿದೆ. ತೂಕ 2,010 ಎಂದು ಉಳಿದಿದೆ, ಪ್ರತಿಯಲ್ಲಿ ಇನ್ನೂ 2,100 ಇದೆ ಎಂದುಕೊಳ್ಳಿ. ಇನ್ನೊಬ್ಬರು ತೇವಾಂಶ ತಿದ್ದಲು ನಮೂನೆ ತೆರೆಯುತ್ತಾರೆ, ತೂಕದ ಜಾಗದಲ್ಲಿ ಹಳೆಯದು ಬಂದು ಕೂರುತ್ತದೆ. ಅವರು ತೂಕವನ್ನು ಮುಟ್ಟದೆ ‘ಉಳಿಸು’ ಒತ್ತಿದರೂ ನಮೂನೆ ಪೂರ್ತಿ ಮೂಲಕ್ಕೆ ಹೋಗಿ 2,100 ಮತ್ತೆ ಬರೆಯಲ್ಪಡುತ್ತದೆ. ಈಗ ಮೂಲವೇ ತಪ್ಪಾಯಿತು, ಕಾದರೂ ಸರಿಹೋಗುವುದಿಲ್ಲ. ಸಾಲಿಗೊಂದು ಆವೃತ್ತಿ ಸಂಖ್ಯೆ ಇಟ್ಟು, ತೆರೆದಾಗ ಇದ್ದ ಸಂಖ್ಯೆಯೇ ಈಗಲೂ ಇದ್ದರೆ ಮಾತ್ರ ಬರೆಯುವಂತೆ ಮಾಡಿ:

```sql
UPDATE receipts
SET weight_kg = 2100, moisture = 11.0, version = version + 1
WHERE id = 731 AND version = 4;
```

ಒಂದು ಸಾಲೂ ಬದಲಾಗದಿದ್ದರೆ, ‘ಈ ರಸೀದಿ ಈ ನಡುವೆ ಬದಲಾಗಿದೆ’ ಎಂದು ತಿಳಿಸಿ ನಮೂನೆಯನ್ನು ಮೂಲದಿಂದ ಮತ್ತೆ ತೆರೆಯಿರಿ.

ಚಿಕ್ಕಮಗಳೂರಿನಿಂದ, ಸಹಾಯಪುಟಗಳ ಬರಹಗಾರರು

ಮೇಡಂ ಹೇಳಿದಂತೆ ನಮ್ಮ ತಂಡದವರು ಸಂಜೆ ಪರೀಕ್ಷಿಸಿದರು. ತಲುಪುವ ಗುರುತು ಮುಂದೆ ಹೋಗುತ್ತಲೇ ಇತ್ತು, ಅನ್ವಯದ ಗುರುತು ವರದಿ ಮುಗಿಯುವವರೆಗೆ ಅಲ್ಲಾಡಲಿಲ್ಲ. ವರದಿಯನ್ನು ಬೇರೆ ಪ್ರತಿಗೆ ಹಾಕಿ, ಸೆಷನ್‌ನಲ್ಲಿ ಗುರುತು ಇಡುವುದೆಂದು ತೀರ್ಮಾನಿಸಿದ್ದಾರೆ.

ಒಂದು ತೊಡಕು ಉಳಿದಿದೆ. ಗುಮಾಸ್ತರು ತಿದ್ದಿ, ‘ಸರಿಮಾಡಿದ್ದೇನೆ, ನೋಡಿ ಸರ್’ ಎಂದು ವ್ಯವಸ್ಥಾಪಕರಿಗೆ ಫೋನ್ ಮಾಡುತ್ತಾರೆ. ಗುರುತು ಇರುವುದು ಗುಮಾಸ್ತರ ಸೆಷನ್‌ನಲ್ಲಿ, ವ್ಯವಸ್ಥಾಪಕರಿಗೆ ಹಳೆಯದೇ ಕಾಣಬಹುದು. ಅವರಿಗಾಗಿ ಈ ವಾಕ್ಯ ಬರೆದಿದ್ದೇನೆ: ‘ಈಚಿನ ತಿದ್ದುಪಡಿಗಳು ಈ ಪಟ್ಟಿಗೆ ಇನ್ನೂ ಸೇರಿಲ್ಲದಿರಬಹುದು. ಹೊಸ ರಸೀದಿ ಬರೆಯುವ ಮೊದಲು ಹಳೆಯದನ್ನು ತೆರೆದು ನೋಡಿ.’ ತೆರೆದ ನಮೂನೆ ಮೂಲದಿಂದಲೇ ಬರುವುದರಿಂದ ಅಲ್ಲಿ ಸರಿಯಾದ ತೂಕ ಇರುತ್ತದೆ.

‘ಹಿಂಬಾಕಿ’ ಅರ್ಥಕ್ಕೆ ಚೆನ್ನಾಗಿ ಕೂರುತ್ತದೆ. ನಿರ್ವಾಹಕರ ಪುಟಗಳಲ್ಲಿ ಬಳಸುತ್ತೇನೆ. ಬೆಳೆಗಾರರ ಕಣ್ಣಿಗೂ ಬೀಳುವ ಪುಟದಲ್ಲಿ ಹಾಕಲು ಧೈರ್ಯವಿಲ್ಲ, ಸಾಲ ಉಳಿದಿದೆ ಎಂದೇ ಓದಿಕೊಳ್ಳುತ್ತಾರೆ.

ಬೇಲೂರಿನಿಂದ, ನಿವೃತ್ತ ಶಿಕ್ಷಕರು

ನನ್ನ ಬಿಲ್ಲಿನದು ಬೇರೆ ಎಂಬುದನ್ನು ಒಪ್ಪಿದೆ. ‘ಹಳಸಿದ’ ಬೇಡವೆಂಬುದನ್ನೂ ಒಪ್ಪುತ್ತೇನೆ, ‘ಹಿಂದಿನ ಸ್ಥಿತಿ’ ಎಂದರೆ ಸಾಕು. ‘ಪ್ರತಿ’ಯ ಬಗ್ಗೆ ಮಾತ್ರ ನನ್ನ ತಕರಾರು ಹಾಗೇ ಇದೆ. ಮೇಡಂ, ‘ನಕಲು’ ಏಕೆ ಆಗದು ಎಂಬುದಕ್ಕೆ ನೀವು ಯಾರೂ ಉತ್ತರ ಕೊಟ್ಟಿಲ್ಲ.