ಆಯಿಲ್ ದೀಪ ಮಿಂಚಿದರೆ ಗ್ಯಾರೇಜಿನವರೆಗೆ ಓಡಿಸಬಹುದೇ?

ಪ್ರಶ್ನೆ (ಮೂಡಿಗೆರೆಯ ಕಾಫಿ ಬೆಳೆಗಾರರು): ಬೆಳಿಗ್ಗೆ ತೋಟದ ದಾರಿಯಲ್ಲಿ ಕಾರಿನ ತಳ ಕಲ್ಲಿಗೆ ಬಡಿದಿತ್ತು. ಈಗ ತಿರುವುಗಳಲ್ಲಿ ಕೆಂಪು ಆಯಿಲ್ ದೀಪ ಮಿಂಚಿ ಆರುತ್ತಿದೆ. ರಸ್ತೆ ಬದಿಗೆ ನಿಲ್ಲಿಸಿದ್ದೇನೆ. ಚಿಕ್ಕಮಗಳೂರಿಗೆ ಇನ್ನೂ 15 ಕಿ.ಮೀ. ಇದೆ. ನಿಧಾನವಾಗಿ ಗ್ಯಾರೇಜು ಸೇರಬಹುದೇ, ಟೋಯಿಂಗ್ ಗಾಡಿ ಕರೆಸಬೇಕೇ?

ಹಾಸನದ ಟ್ಯಾಕ್ಸಿ ಚಾಲಕರು: ಕೆಂಪು ಬಂದರೆ ನಿಲ್ಲಿಸಬೇಕು, ಹಳದಿ ಬಂದರೆ ಓಡಿಸಬಹುದು. ನನ್ನ ಲೆಕ್ಕ ಇಷ್ಟೇ.

ಚಿಕ್ಕಮಗಳೂರಿನ ಮೆಕ್ಯಾನಿಕ್: ಸರ್, ದಯವಿಟ್ಟು ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ. ಆ ದೀಪ ತೋರಿಸುವುದು ಆಯಿಲ್‌ನ ಒತ್ತಡ ಕುಸಿದಿದೆ ಎಂಬುದನ್ನು. ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್ನೇ ಆದ್ದರಿಂದ, ಅದು ನಿಧಾನವಾದಷ್ಟೂ ಒತ್ತಡ ಇನ್ನೂ ತಗ್ಗುತ್ತದೆ. ಹಾಗಾಗಿ ಈ ದೀಪಕ್ಕೆ ನಿಧಾನವಾಗಿ ಓಡಿಸುವುದು ಪರಿಹಾರವೇ ಅಲ್ಲ. ತಿರುವಿನಲ್ಲಿ ಮಾತ್ರ ಮಿಂಚುತ್ತಿದ್ದರೆ, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನಲ್ಲಿ ಉಳಿದಿರುವ ಸ್ವಲ್ಪ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತಿರುವ ಸಾಧ್ಯತೆಯೇ ಹೆಚ್ಚು, ಆಗ ಬೇರಿಂಗುಗಳು ಆಯಿಲ್ ಇಲ್ಲದೆ ಉಜ್ಜುತ್ತವೆ.

ಕಾರು ಸಮತಟ್ಟಾದ ಜಾಗದಲ್ಲಿದ್ದರೆ 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಹೊರಗೆಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ನೋಡಿ. ಎಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿ, ಹನಿ ಬೀಳುತ್ತದೆಯೇ ಎಂಬುದನ್ನೂ ಗಮನಿಸಿ.

ಟ್ಯಾಕ್ಸಿ ಚಾಲಕರ ಮಾತು ಈ ದೀಪದ ಮಟ್ಟಿಗೆ ಸರಿ, ಹಳದಿಯ ಮಟ್ಟಿಗೆ ಅರ್ಧ ಮಾತ್ರ ಸರಿ. ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿಯ ಎಳೆತವೂ ಸದ್ದೂ ಎಂದಿನಂತಿದ್ದರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಅದೇ ದೀಪ ಮಿಟುಕುತ್ತಿದ್ದರೆ ಎಂಜಿನ್ ಮಿಸ್ ಹೊಡೆದು, ಸುಡದ ಪೆಟ್ರೋಲು ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಡಿಸುತ್ತದೆ. ಆಗ ಆಕ್ಸಿಲರೇಟರ್ ಜೋರಾಗಿ ಒತ್ತದೆ ಹತ್ತಿರದ ಗ್ಯಾರೇಜಿನವರೆಗೆ ಮಾತ್ರ ಹೋಗಬೇಕು. ತೆವಳಿಕೊಂಡು ಹೋಗುವ ಮಾತು ಸಲ್ಲುವುದು ಅಲ್ಲಿ.

ಬೇಲೂರಿನ ಶಿಕ್ಷಕಿ: ನನ್ನ ಕಾರಿನಲ್ಲಿ ಬ್ಯಾಟರಿ ಗುರುತಿನ ಕೆಂಪು ದೀಪ ಬಂದಾಗ ನಾನು ಹಾಸನದವರೆಗೂ ಓಡಿಸಿಕೊಂಡು ಹೋದೆ, ಏನೂ ಆಗಲಿಲ್ಲ. 15 ಕಿ.ಮೀ. ದೊಡ್ಡದೇನಲ್ಲ.

ಮೆಕ್ಯಾನಿಕ್: ಮೇಡಂ, ಅದು ಚಾರ್ಜಿಂಗ್ ನಿಂತಿದ್ದರ ದೀಪ. ಬ್ಯಾಟರಿಯಲ್ಲಿ ಉಳಿದ ಕರೆಂಟಿನಿಂದ ನಿಮ್ಮ ಕಾರು ಓಡಿದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ; ಬೆಲ್ಟು ತುಂಡಾಗಿದ್ದರೆ ಎಂಜಿನ್ ಕಾದು ದಾರಿಯಲ್ಲೇ ನಿಲ್ಲಿಸಬೇಕಾಗುತ್ತಿತ್ತು.

ಬೆಳೆಗಾರರು: ನೋಡಿದೆ. ಡಿಪ್‌ಸ್ಟಿಕ್‌ನ ತುದಿಯಷ್ಟೇ ಒದ್ದೆಯಾಗಿದೆ, ಕೆಳಗಿನ ಗೆರೆಗೂ ಮುಟ್ಟಿಲ್ಲ. ರಟ್ಟಿನ ಮೇಲೆ ಅಂಗೈಯಗಲ ಕಪ್ಪು ಕಲೆಯಾಗಿದೆ. ಡಿಕ್ಕಿಯಲ್ಲಿ ಒಂದು ಲೀಟರ್ ಆಯಿಲ್ ಇದೆ, ಸುರಿದು ಹೊರಡಲೇ?

ಮೆಕ್ಯಾನಿಕ್: ಬೇಡ. ಸೋರಿಕೆ ಇಲ್ಲದಿದ್ದರೆ, ಆಯಿಲ್ ಹಾಕಿ ಸ್ಟಾರ್ಟ್ ಮಾಡಿ, ಕೆಲವೇ ಸೆಕೆಂಡಿನಲ್ಲಿ ದೀಪ ಆರಿದರೆ ಬನ್ನಿ ಎನ್ನುತ್ತಿದ್ದೆ. ನಿಂತ ಗಾಡಿಯಲ್ಲೇ ಇಷ್ಟು ಸೋರುತ್ತಿರುವಾಗ, ಓಡುವ ಅಲುಗಾಟಕ್ಕೆ ಚೇಂಬರಿನ ಬಿರುಕು ಎಷ್ಟು ದೊಡ್ಡದಾಗುತ್ತದೆಂದು ಹೇಳಲಾಗದು. ಚೇಂಬರ್ ಬದಲಿಸುವ ಖರ್ಚು ಎಂಜಿನ್ ಕೆಲಸದ ಖರ್ಚಿನ ಮುಂದೆ ಬಹಳ ಕಡಿಮೆ. ಗಾಡಿಯನ್ನು ಪೂರ್ತಿ ಮೇಲೇರಿಸಿಕೊಳ್ಳುವ ಟೋಯಿಂಗ್ ಗಾಡಿಯನ್ನೇ ಕೇಳಿ. ಬೇರಿಂಗಿಗೆ ಈಗಾಗಲೇ ಪೆಟ್ಟಾಗಿದೆಯೋ ಇಲ್ಲವೋ ಎಂಬುದು ಚೇಂಬರ್ ಬದಲಿಸಿ, ಗೇಜ್ ಹಾಕಿ ಒತ್ತಡ ಅಳೆದ ಮೇಲೆ ತಿಳಿಯಬೇಕು.