ಸ್ಲೈಡಿನಲ್ಲಿ ಮಾತು ಹಿಡಿಯುತ್ತಿಲ್ಲ: ಕೊಳೆರೋಗದ ಕರೋಸೆಲ್‌ನಲ್ಲಿ ಏನು ತೆಗೆಯಲಿ?

ಬದಿಯಡ್ಕ_ತೋಟ:
ನಮ್ಮ ಕೃಷಿಕರ ಗುಂಪಿಗೆ ಆರು ಸ್ಲೈಡಿನ ಇನ್‌ಸ್ಟಾಗ್ರಾಂ ಕರೋಸೆಲ್ ಮಾಡುತ್ತಿದ್ದೇನೆ. ಎರಡನೇ ಸ್ಲೈಡಿನ ಅಕ್ಷರ ಇರುವೆ ಸಾಲಿನ ಹಾಗಾಗಿದೆ. ಅಪ್ಪ ಮೊಬೈಲನ್ನು ಕೈಯುದ್ದ ದೂರ ಹಿಡಿದು, "ಇದೇನು, ಸೊಸೈಟಿ ನೋಟೀಸಾ?" ಎಂದರು. ಬರೆದದ್ದು ಹೀಗೆ:

> ಅಡಿಕೆ ಕೃಷಿಯಲ್ಲಿ ಕೊಳೆರೋಗವು ಅತ್ಯಂತ ಪ್ರಮುಖವಾದ ಸಮಸ್ಯೆಯಾಗಿದೆ ಎಂದರೆ ತಪ್ಪಾಗಲಾರದು. ಇದನ್ನು ತಡೆಗಟ್ಟುವ ಸಲುವಾಗಿ ಮಳೆಗಾಲ ಆರಂಭವಾಗುವುದಕ್ಕಿಂತ ಮುಂಚಿತವಾಗಿ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಲಾಗುತ್ತದೆ. ಮುಂಗಾರು ಪೂರ್ವದಲ್ಲಿ ಸಿಂಪಡಣೆಯನ್ನು ಮಾಡುವುದರಿಂದ ರೋಗ ಬರದಂತೆ ನೋಡಿಕೊಳ್ಳಬಹುದಾಗಿದೆ. ಮೊದಲ ಸಿಂಪಡಣೆ ಮಾಡಲ್ಪಟ್ಟ 40–45 ದಿನಗಳ ನಂತರ ಎರಡನೇ ಬಾರಿ ಸಿಂಪಡಿಸಬೇಕಾಗುತ್ತದೆ ಎಂಬುದನ್ನು ಗಮನಿಸಬೇಕಾಗಿದೆ.

ಪೆರ್ಲ_ಡಿಸೈನ್:
ಸುಲಭ. `ಲಾಗ` ಮತ್ತು `ಲ್ಪಟ್ಟ` ಎಂದು ಹುಡುಕಿ, ಸಿಕ್ಕಿದ್ದೆಲ್ಲ "ಮಾಡಿ", "ಸಿಂಪಡಿಸಿ" ಎಂದು ಬದಲಿಸಿ. ಅರ್ಧ ಕೆಲಸ ಮುಗಿಯಿತು.

ಮುಳ್ಳೇರಿಯ_ಭಾವ:
ನನಗೂ ಇದೇ ತೊಂದರೆ ತಂಗೀ, ದ್ರಾವಣ ಗೊನೆಗೆ ಹಿಡಿಯುವುದೇ ಇಲ್ಲ. ಶೇ. 1 ಅಂದರೆ ಮೈಲುತುತ್ತು ಎಷ್ಟು ಹಾಕಬೇಕು?

ಪ್ರೂಫ್_ಮಾಷ್ಟ್ರು:
ಭಾವಾ, ಅವಳಿಗೆ ಹಿಡಿಯದ್ದು ಮಾತು, ಮದ್ದಲ್ಲ. ಕೇಳಿದ್ದಕ್ಕೆ ಹೇಳುತ್ತೇನೆ: ನೂರು ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ನೋಡಮ್ಮ, ಇಷ್ಟು ಮಾತಿನ ನಡುವೆ ಓದುವವನಿಗೆ ಬೇಕಾದದ್ದೇ ಇಲ್ಲ. ಮೂರನೇ ಸ್ಲೈಡ್ ಅದಕ್ಕಿರಲಿ.

ಪೆರ್ಲದವರೇ, ಹುಡುಕುವುದು ಸರಿ, ಕಣ್ಣುಮುಚ್ಚಿ ಬದಲಿಸಬೇಡಿ. "ಜೋರು ಮಳೆಯಲ್ಲಿ ಸಿಂಪಡಿಸಲಾಗದು" ಎಂಬಲ್ಲಿಯೂ `ಲಾಗ` ಇದೆ. ಅದು ಕರ್ಮಣಿಯಲ್ಲ, ಆಗುವುದಿಲ್ಲ ಎಂಬ ಅರ್ಥ. ಅಲ್ಲಿ "ಸಿಂಪಡಿಸಿ" ಎಂದು ಹಾಕಿದರೆ ಜನ ಮಳೆಯಲ್ಲೇ ಮರ ಹತ್ತಿಸುತ್ತಾರೆ.

ನಾನು ಮೊದಲು ಒಂದೇ ಮಾತನ್ನು ಎರಡು ಸಲ ಹೇಳಿದ್ದನ್ನು ಹುಡುಕುತ್ತೇನೆ. ಇಡೀ ವಾಕ್ಯವೇ ಹೋಗುವಾಗ ಅದರ ಪದ ತಿದ್ದುತ್ತ ಕೂರುವುದು ದಂಡ. ನಿಮ್ಮ ಮೂರನೇ ವಾಕ್ಯ ಎರಡನೆಯದರ ನಕಲು. ಮಳೆಗಾಲಕ್ಕೆ ಮುಂಚೆ ಅಂದರೂ ಮುಂಗಾರು ಪೂರ್ವ ಅಂದರೂ ತಿಂಗಳು ಒಂದೇ. ಪೂರ್ತಿ ಹೊಡೆದುಹಾಕಿ.

ಆಮೇಲೆ ಸೋಗಿನ ಮಾತು. "ಎಂದರೆ ತಪ್ಪಾಗಲಾರದು", "ಎಂಬುದನ್ನು ಗಮನಿಸಬೇಕಾಗಿದೆ": ಇವನ್ನು ಬೆರಳಿನಿಂದ ಮುಚ್ಚಿ ಓದಿ, ಏನೂ ಕಳೆಯುವುದಿಲ್ಲ. ಕೊಳೆರೋಗ ಪ್ರಮುಖ ಸಮಸ್ಯೆ ಎಂದು ಕಾಸರಗೋಡಿನ ಅಡಿಕೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕರ್ಮಣಿ ಕೊನೆಗೆ. "ಸಿಂಪಡಿಸಲಾಗುತ್ತದೆ" ಎಂದರೆ ಯಾರು ಸಿಂಪಡಿಸುವುದು? ಓದುವವನೇ ತಾನೆ, ಅವನಿಗೇ ನೇರ ಹೇಳಿ:

> ಅಡಿಕೆಗೆ ಕೊಳೆರೋಗ ಬಾರದಿರಲು ಮಳೆ ಹಿಡಿಯುವ ಮೊದಲೇ ಶೇ. 1ರ ಬೋರ್ಡೋ ಬಿಡಿ. 40–45 ದಿನ ಕಳೆದು ಇನ್ನೊಮ್ಮೆ.

37 ಪದ ಇದ್ದದ್ದು 14ಕ್ಕೆ ಬಂತು. ದಿನದ ಲೆಕ್ಕ, ಶೇಕಡಾ ಎರಡೂ ಉಳಿದಿವೆ. ಅಂಕಿಯನ್ನು ಮಾತ್ರ ಯಾವತ್ತೂ ಮೂಲದೊಂದಿಗೆ ತಾಳೆ ನೋಡಿ, ಕತ್ತರಿಸುವಾಗ ಮೊದಲು ಜಾರುವುದು ಅದೇ.

ಮಂಜೇಶ್ವರ_ಕ್ಲಬ್:
ನಮ್ಮ ವಾರ್ಷಿಕೋತ್ಸವದ ಪೋಸ್ಟಿನಲ್ಲಿ "ಸನ್ಮಾನಿಸಲಾಗುವುದು" ತೆಗೆದು "ಅಧ್ಯಕ್ಷರು ಸನ್ಮಾನಿಸುವರು" ಎಂದು ಹಾಕಿದೆ. ಕಾರ್ಯದರ್ಶಿ ಇನ್ನೂ ಮಾತಾಡುತ್ತಿಲ್ಲ. ಕೆಲವು ಕಡೆ ಕರ್ಮಣಿಯೇ ಕ್ಷೇಮ!

ಸಾಗರದ_ಅಕ್ಕ:
ಮಾಷ್ಟ್ರೇ, "ಬೋರ್ಡೋ ಬಿಡಿ" ಎಂದು ಓದಿ ನಾನು ಬೋರ್ಡೋ ಸಾಕು, ಕೈಬಿಡಿ ಎಂದುಕೊಂಡೆ. ನಮ್ಮಲ್ಲಿ ಔಷಧಿ ಹೊಡೆಯುವುದು.

ಪ್ರೂಫ್_ಮಾಷ್ಟ್ರು:
ಸಿಕ್ಕಿಬಿದ್ದೆ ಅಕ್ಕಾ. ಮೂಲದ ಉದ್ದ ವಾಕ್ಯದಲ್ಲಿ ಈ ಗೊಂದಲಕ್ಕೆ ಜಾಗವೇ ಇರಲಿಲ್ಲ, ಕತ್ತರಿಸಿದ ಮೇಲೆ ನಾನೇ ತಂದು ಹಾಕಿದ್ದು. "ಸಿಂಪಡಿಸಿ" ಎಂದೇ ಇರಲಿ.

ಬದಿಯಡ್ಕ_ತೋಟ:
ಆದರೆ ಇಲ್ಲಿ ಎಲ್ಲರೂ ಮದ್ದು ಬಿಡುವುದು ಅಂತಲೇ ಹೇಳುವುದು ಮಾಷ್ಟ್ರೇ. "ಸಿಂಪಡಿಸಿ" ಅಂದರೆ ಅಪ್ಪನಿಗೆ ಮತ್ತೆ ನೋಟೀಸು. ಇನ್ನೊಂದು: ಕೊಳೆರೋಗದ ಹೆಸರು ಮೊದಲ ಸ್ಲೈಡಿನ ತಲೆಬರಹದಲ್ಲೇ ಇದೆ. ಎರಡನೆಯದರಲ್ಲೂ ಬಂದರೆ ಪುನರಾವರ್ತನೆ ಆಗುವುದಿಲ್ಲವಾ?

ಪೆರ್ಲ_ಡಿಸೈನ್:
ಇದು ನನ್ನ ಕೆಲಸ, ಹೇಳುತ್ತೇನೆ. ಮೊದಲ ಸ್ಲೈಡ್ ಸರಿಸದೆ ದಾಟಿ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಎರಡನೆಯದನ್ನೇ ಮುಂದೆ ತಂದು ತೋರಿಸುತ್ತದೆ. ಅಲ್ಲಿ ಹೆಸರಿಲ್ಲದಿದ್ದರೆ ಯಾವ ರೋಗಕ್ಕೆ ಎಂದೇ ತಿಳಿಯದು. ಹೆಸರು ಉಳಿಸಿ. ಮೂರರಿಂದ ಮುಂದೆ ಬೇಡ.

ಪ್ರೂಫ್_ಮಾಷ್ಟ್ರು:
ಅಚ್ಚಿನವನಿಗೆ ಇದು ಹೊಳೆಯುತ್ತಿರಲಿಲ್ಲ, ಒಪ್ಪಿದೆ. "ಬಿಡಿ"ಯೋ "ಸಿಂಪಡಿಸಿ"ಯೋ ಎನ್ನುವುದನ್ನು ಪೋಸ್ಟ್ ಯಾರಿಗೆ ಹೋಗುತ್ತದೆ ಎಂದು ನೋಡಿ ನೀವೇ ತೀರ್ಮಾನಿಸಿ.

ಮುಳ್ಳೇರಿಯ_ಭಾವ:
ಬಿಡುವುದೋ ಹೊಡೆಯುವುದೋ, ಗೊನೆಗೆ ಹಿಡಿಯುವುದಕ್ಕೆ ಏನು ಬೆರೆಸಬೇಕು ಎಂದು ಯಾರೂ ಹೇಳಲಿಲ್ಲ.