ಶಾರ್ಜಾದಿಂದ ಸಿಂದಗಿಗೆ ದುಡ್ಡು: ಆ್ಯಪ್ ಲಾಭವೋ, ಕೌಂಟರ್ ಲಾಭವೋ?

ಸಿಂದಗಿ ಹುಡುಗ: ಶಾರ್ಜಾದಲ್ಲಿ ಎಸಿ ರಿಪೇರಿ ಕೆಲಸ ನನ್ನದು. ತಿಂಗಳಿಗೆ 3,000 ದಿರಹಂ ಉಳಿಯುತ್ತದೆ, ಊರಲ್ಲಿ ಅಪ್ಪನ ಖಾತೆಗೆ ಹಾಕಬೇಕು. ಗುರುವಾರ ನೋಡಿದಾಗ ಬ್ಯಾಂಕ್ ಆ್ಯಪ್‌ನಲ್ಲಿ ದರ 22.35, ಫೀ ಇಲ್ಲ. ಎಕ್ಸ್‌ಚೇಂಜ್ ಕೌಂಟರಿನಲ್ಲಿ 22.60, ಫೀ 20 ದಿರಹಂ. ಯಾವುದು ಲಾಭ?

ಬಾಗಲಕೋಟೆ ಬಸು: ಇದರಲ್ಲಿ ಕೇಳೋದೇನಿದೆ ತಮ್ಮಾ? ಫೀ ಇಲ್ಲ ಅಂದಮೇಲೆ ಆ್ಯಪೇ ಲಾಭ. ನಾನು ದುಬೈನಲ್ಲಿದ್ದಾಗ ಎಂಟು ವರ್ಷ ಹಾಗೇ ಕಳಿಸಿದ್ದೇನೆ.

ಖಾನಾಪುರ ಮಾಮಾ: "ಫೀ ಇಲ್ಲ" ಅನ್ನೋದನ್ನೇ ನಂಬಿ ಎಂಟು ವರ್ಷ ಕಳೆದಿರಾ? ದುಬೈನ ದೇರಾದಲ್ಲಿ ಎಕ್ಸ್‌ಚೇಂಜ್ ಕೌಂಟರಿನಲ್ಲಿ ಕೂತು ಕೆಲಸ ಮಾಡಿದವನು ನಾನು. ಫೀ ದರದೊಳಗೇ ಅಡಗಿರುತ್ತದೆ. ಹುಡುಗನ ಲೆಕ್ಕ ನೋಡಿ. ಕೌಂಟರಿನಲ್ಲಿ 20 ದಿರಹಂ ಫೀ, ಅದರ ಮೇಲೆ 5% ವ್ಯಾಟ್, ಒಟ್ಟು 21. ಉಳಿದ 2,979ನ್ನು 22.60ರಿಂದ ಗುಣಿಸಿದರೆ 67,325 ರೂಪಾಯಿ. ಆ್ಯಪ್‌ನಲ್ಲಿ 3,000ಕ್ಕೆ 67,050. ಫೀ ಕೊಟ್ಟೂ ಕೌಂಟರಿನಲ್ಲಿ 275 ರೂಪಾಯಿ ಜಾಸ್ತಿ. ಈ ದರದಲ್ಲಿ ಸುಮಾರು 1,900 ದಿರಹಂ ದಾಟಿದರೆ ಕೌಂಟರ್, ಒಳಗಿದ್ದರೆ ಆ್ಯಪ್. ಅಪ್ಪನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಅನ್ನೋದೊಂದನ್ನೇ ಕೇಳು ತಮ್ಮಾ.

ಬಾಗಲಕೋಟೆ ಬಸು: "ಒಳಗಿದ್ದರೆ ಆ್ಯಪ್" ಅಂತ ನೀವೇ ಹೇಳಿದಿರಿ. ನಾನು ಕಳಿಸುತ್ತಿದ್ದದ್ದು 600 ದಿರಹಂ. ಅಂದರೆ ನಾನು ಮಾಡಿದ್ದೇ ಸರಿ.

ಖಾನಾಪುರ ಮಾಮಾ: ನಿಮಗೆ ಸರಿ. ಹುಡುಗ ಕೇಳಿದ್ದು 3,000ಕ್ಕೆ.

ಇಂಡಿ ಅಕ್ಕ: ನಮ್ಮ ಮನೆಯವರು ಕುವೈತ್‌ನಿಂದ ಕಳಿಸಿದ್ದಕ್ಕಿಂತ ಕಡಿಮೆ ಬಂತು. ಇಲ್ಲಿನ ಬ್ಯಾಂಕಿನವರೇ ಹಿಡಿದುಕೊಂಡರು. ಯಾವ ಆ್ಯಪ್ ಆದರೇನು, ಊರಲ್ಲಿ ಬ್ಯಾಂಕ್ ಸರಿ ಇರಬೇಕು.

ಖಾನಾಪುರ ಮಾಮಾ: ಅಕ್ಕಾ, ಅವರು ಡಾಲರಿನಲ್ಲಿ ಕಳಿಸಿದ್ದರಾ ಕೇಳಿ. ಹಾಗೆ ಕಳಿಸಿದರೆ ನಡುವಿನ ಬ್ಯಾಂಕೊಂದು ತನ್ನ ಚಾರ್ಜ್ ಮುರಿದುಕೊಳ್ಳುತ್ತದೆ, ಇಲ್ಲಿಗೆ ಬರುವಷ್ಟರಲ್ಲೇ ಕಡಿಮೆ ಆಗಿರುತ್ತದೆ. ಅಲ್ಲೇ ರೂಪಾಯಿ ಮಾಡಿಸಿ ಕಳಿಸಿದರೆ ರಸೀದಿಯಲ್ಲಿ ಇದ್ದಷ್ಟು ಖಾತೆಗೆ ಬೀಳಬೇಕು.

ಜಮಖಂಡಿ ಗೆಳೆಯ: 275 ರೂಪಾಯಿಗೆ ಇಷ್ಟು ಲೆಕ್ಕವಾ? ನಮ್ಮ ಕಡೆ ಬ್ಯಾಂಕಿನ ಹೊರಗೆ ದುಡ್ಡು ದಾಟಿಸುವ ಹುಂಡಿಯವನು 23 ಕೊಡುತ್ತಾನೆ. ಫೀ ಇಲ್ಲ, ಅದೇ ದಿನ ಮನೆಗೆ 69,000.

ಗೋಕಾಕ ತಂಗಿ: ಸುಮ್ನೆ ಹುಡುಗನನ್ನು ಹಾಳು ಮಾಡಬೇಡಿ! ನನ್ನ ಅಣ್ಣ ಹೀಗೇ ಹುಂಡಿಯವನಿಗೆ ದಿರಹಂ ಕೊಟ್ಟ. ಅಪ್ಪನ ಖಾತೆಗೆ ಯಾರೋ ಗುರುತಿಲ್ಲದವರಿಂದ ದುಡ್ಡು ಬಂತು. ಆ ದುಡ್ಡು ಬೇರೆ ರಾಜ್ಯದಲ್ಲಿ ಯಾರಿಗೋ ಆನ್‌ಲೈನ್ ಮೋಸ ಮಾಡಿ ಹೊಡೆದದ್ದು. ಪೊಲೀಸರು ಖಾತೆ ತಡೆ ಹಿಡಿಸಿದರು. ಅಪ್ಪನ ಕಬ್ಬಿನ ಬಿಲ್ಲೂ ಅದರಲ್ಲೇ ಸಿಕ್ಕಿಬಿತ್ತು. ನಾಲ್ಕು ತಿಂಗಳು ಓಡಾಡಿದೆವು.

ಜಮಖಂಡಿ ಗೆಳೆಯ: "ಖಾತೆಗೆ" ಹಾಕಿಸಿಕೊಂಡದ್ದು ನಿಮ್ಮ ತಪ್ಪು. ನಮ್ಮವನು ಕೈಗೆ ನಗದು ಕೊಡುತ್ತಾನೆ. ಒಂದು ಪೈಸೆ ಹೋಗಿಲ್ಲ.

ಗೋಕಾಕ ತಂಗಿ: ನಮ್ಮ ತಪ್ಪಾ? ನಾಲ್ಕು ತಿಂಗಳು ಅಪ್ಪ ಔಷಧಿಗೆ ಸಾಲ ಮಾಡಿದ್ದಾರೆ. ಒಂದು ದಿನ ಅವರ ಜೊತೆ ಠಾಣೆಗೆ ಹೋಗಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ.

ಖಾನಾಪುರ ಮಾಮಾ: "ನಗದು" ಅಂದಿರಲ್ಲ, ನಾಳೆ ಆ ದುಡ್ಡಲ್ಲಿ ಪ್ಲಾಟ್ ತಗೊಂಡರೆ ಎಲ್ಲಿಂದ ಬಂತು ಅಂತ ಏನು ತೋರಿಸುತ್ತೀರಿ? ಬ್ಯಾಂಕಿನಿಂದ ಬಂದರೆ ಪಾಸ್‌ಬುಕ್ಕೇ ಸಾಕ್ಷಿ. ಹುಂಡಿ ವಿದೇಶಿ ವಿನಿಮಯದ ಫೆಮಾ ಕಾಯ್ದೆಗೆ ವಿರುದ್ಧ, ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಮಾರುಕಟ್ಟೆ ದರ 22.80 ಇದ್ದಾಗ ಅವನು 23 ಹೇಗೆ ಕೊಡುತ್ತಾನೆ, ಯೋಚನೆ ಮಾಡಿದ್ದೀರಾ? ಇಲ್ಲಿ ಲೆಕ್ಕವಿಲ್ಲದ ರೂಪಾಯಿ ಇಟ್ಟುಕೊಂಡವನಿಗೆ ಅಲ್ಲಿ ದಿರಹಂ ಬೇಕು. ಅದಕ್ಕೇ ಅವನು ಜಾಸ್ತಿ ಕೊಡುತ್ತಾನೆ.

ಜಮಖಂಡಿ ಗೆಳೆಯ: "ಪ್ಲಾಟ್" ಮಾತು ನನಗೆ ಹೇಳಬೇಡಿ ಸರ್. ನಮ್ಮ ಕಡೆ ಪೂರ್ತಿ ಚೆಕ್‌ನಲ್ಲಿ ಯಾರು ಮಾರುತ್ತಾರೆ?

ಗೋಕಾಕ ತಂಗಿ: ನಾವು ಪೂರ್ತಿ ಚೆಕ್‌ನಲ್ಲೇ ತಗೊಂಡಿದ್ದೇವೆ.

ಬಾಗಲಕೋಟೆ ಬಸು: ಹುಂಡಿ ಬಿಡ್ರೀ. ಹುಡುಗಾ, ಏನು ಮಾಡಿದೆ?

ಸಿಂದಗಿ ಹುಡುಗ: ಹುಂಡಿ ಬೇಡ ಅಣ್ಣಾ, ಅಪ್ಪನನ್ನು ಠಾಣೆಗೆ ಕಳಿಸೋಕೆ ಆಗಲ್ಲ. ಈಗ ಕೌಂಟರಿನ ಮುಂದೆಯೇ ನಿಂತಿದ್ದೇನೆ. ಇವತ್ತು ಇಲ್ಲಿ 22.45 ಅಂತಾರೆ. ಆ್ಯಪ್‌ನಲ್ಲಿ ಅದೇ 22.35. ಲೆಕ್ಕ ಹಾಕಿದೆ. ಕೌಂಟರಿನಲ್ಲಿ 66,878, ಆ್ಯಪ್‌ನಲ್ಲಿ 67,050.

ಬಾಗಲಕೋಟೆ ಬಸು: ಆ್ಯಪೇ ಲಾಭ ಅಂತ ಮೊದಲೇ ಹೇಳಿರಲಿಲ್ವಾ?

ಖಾನಾಪುರ ಮಾಮಾ: ಇವತ್ತು ಭಾನುವಾರ! ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ದರ ಹೇಗೆ ತೆರೆಯುತ್ತದೋ ಗೊತ್ತಿಲ್ಲದೆ ಕೌಂಟರಿನವರು ಹುಷಾರಿಗೆ ದರ ಇಳಿಸಿ ಇಟ್ಟಿರುತ್ತಾರೆ. ಅರ್ಜೆಂಟ್ ಇಲ್ಲದಿದ್ದರೆ ನಾಳೆ ಮಧ್ಯಾಹ್ನ ಹೋಗು ತಮ್ಮಾ.

ಸಿಂದಗಿ ಹುಡುಗ: ನಾಳೆ ಬೆಳಿಗ್ಗೆ ಆರಕ್ಕೆ ಸೈಟ್ ಬಸ್ ಬರುತ್ತದೆ ಮಾಮಾ, ವಾಪಸ್ ಬರೋದು ರಾತ್ರಿ. ಆ್ಯಪ್‌ನಲ್ಲೇ ಕಳಿಸಿದೆ.